ಆಡಿಟ್ ಆಫೀಸಲ್ಲಿ ಎರಡು ಭಾನುವಾರ: ಒಂದು ಸ್ಟಾಕ್ ವಿಡಿಯೋ ಶೂಟಿನ ಪ್ರಕರಣ ಅಧ್ಯಯನ

ಸ್ಟಾಕ್ ವಿಡಿಯೋ ಅನ್ನೋ ಹೆಸರು ಕೇಳದೇ ಇರೋರೂ ಅದನ್ನ ದಿನಾ ನೋಡ್ತಾನೇ ಇರ್ತಾರೆ. ಟೀವಿಲಿ ಪಿಎಫ್ ಬಡ್ಡಿ ಸುದ್ದಿ ಓದೋವಾಗ ಹಿಂದೆ ಯಾರೋ ಕೀಬೋರ್ಡ್ ಕುಟ್ತಾ ಕೂತಿರ್ತಾರಲ್ಲ, ಯಾವ್ದೋ ಕಂಪನಿ ವೆಬ್‌ಸೈಟ್ ತೆಗೆದ ತಕ್ಷಣ ದೊಡ್ಡ ಅಕ್ಷರದ ಹಿಂದೆ ನಾಲ್ಕು ಜನ ಮೇಜಿನ ಸುತ್ತ ಕೂತು ತಲೆ ಆಡಿಸ್ತಿರ್ತಾರಲ್ಲ, ಅದೇ. ಒಂದೇ ಕ್ಲಿಪ್ಪು ಇವತ್ತು ಬ್ಯಾಂಕಿನ ಜಾಹೀರಾತಿಗೆ ಹೋಗತ್ತೆ, ನಾಳೆ ಕಾಲೇಜ್ ಬ್ರೋಷರ್ ವಿಡಿಯೋಗೆ, ನಾಡಿದ್ದು ಯಾರೋ ನೋಡೇ ಇರದ ದೇಶದ ಟ್ರೈನಿಂಗ್ ಪ್ರೆಸೆಂಟೇಶನ್ನಿಗೆ.

ಇಲ್ಲಿ ಬರೀತಿರೋದು ಅಂಥ ಕ್ಲಿಪ್ಪುಗಳ ಒಂದು ಸೆಟ್ ಬಗ್ಗೆ. ಬಸವನಗುಡಿ ಕಡೆ ಒಂದು ಸಣ್ಣ ಆಡಿಟ್ ಆಫೀಸು, ಭಾನುವಾರ ರಜೆ, ಓನರ್ ಪರಿಚಯದವ್ರು, ಜಾಗ ಕೊಟ್ರು. ಶೂಟ್ ಮಾಡಿದ್ದು ಇಬ್ಬರು ಹುಡುಗರ ಒಂದು ಟೀಮು, ಒಬ್ಬ ಕ್ಯಾಮೆರಾ, ಇನ್ನೊಬ್ಬ ಉಳಿದಿದ್ದೆಲ್ಲ. ನಾನು ಎಡಿಟು, ಕಲರು, ಕೀವರ್ಡು, ಅಪ್‌ಲೋಡು ನೋಡ್ಕೊಳ್ಳೋನು. ಅವರಿಗೆ ಬೇಕಿದ್ದಿದ್ದು "ಜನರಲ್ ಆಫೀಸ್ ಬ್ಯಾಕ್‌ಗ್ರೌಂಡ್, ಎಲ್ಲಾ ಥರದ ಜನ ಇರ್ಬೇಕು" ಅನ್ನೋ ಒಂದು ಸಾಲು, ಅಷ್ಟೇ. ಜನರನ್ನೂ ಚೆನ್ನಾಗೇ ಸೇರಿಸಿದ್ರು: ಆಫೀಸಿನ ಸ್ಟಾಫು ನಾಲ್ಕು ಜನ, ಹೊರಗಿಂದ ಐದು ಜನ, ಇಪ್ಪತ್ತೆರಡರಿಂದ ಅರವತ್ತರ ತನಕ ವಯಸ್ಸು, ಬಣ್ಣದಲ್ಲೂ ಮೈಕಟ್ಟಲ್ಲೂ ಉಡುಪಲ್ಲೂ ಬೇರೆ ಬೇರೆ, ವೀಲ್‌ಚೇರ್ ಬಳಸೋ ಒಬ್ಬ ಹೆಂಗಸು, ಹಿಜಾಬ್ ಹಾಕೋ ಒಬ್ಬಳು ಹುಡುಗಿ. ತಲೆ ಎಣಿಸಿದ್ರೆ ಯಾವ ತಪ್ಪೂ ಹುಡುಕೋಕಾಗಲ್ಲ.

ಮೊದಲ ಭಾನುವಾರದ ಫೂಟೇಜ್ ನನ್ನ ಕೈಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಜನ ಅಲ್ಲ, ಗೋಡೆ. ಗೋಡೆ ಮೇಲೆ ತೆಳು ಕಪ್ಪು ಪಟ್ಟಿ ಮೇಲಿಂದ ಕೆಳಗೆ ಜಾರ್ತಾ ಇತ್ತು. ಕ್ಯಾಮೆರಾನ ಸೆಕೆಂಡಿಗೆ 30 ಫ್ರೇಮು, 1/60 ಶಟರಲ್ಲಿ ಬಿಟ್ಟಿದ್ರು. ನಮ್ಮ ಕರೆಂಟು 50 ಹರ್ಟ್ಜ್, ಸಾಧಾರಣ ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ಸೆಕೆಂಡಿಗೆ ನೂರು ಸಲ ಮಿಣಮಿಣ ಅನ್ನತ್ತೆ, ಅದರ ಲೆಕ್ಕಕ್ಕೆ ಶಟರ್ ಹೊಂದಲಿಲ್ಲ ಅಂದ್ರೆ ಈ ಪಟ್ಟಿ ಗ್ಯಾರಂಟಿ. 25 ಫ್ರೇಮು, ಶಟರ್ 1/50 ಅಥವಾ 1/100 ಇಟ್ರೆ ಹೋಗತ್ತೆ. ಸ್ಟಾಕ್ ಕಂಪನಿಗಳ ರಿವ್ಯೂವರ್ರು ಇಂಥದ್ದನ್ನ ಬಿಡಲ್ಲ, ರಿಜೆಕ್ಟ್ ಮಾಡ್ತಾರೆ, ಸಾಫ್ಟ್‌ವೇರಲ್ಲಿ ಸರಿ ಮಾಡೋಕೆ ಹೋದ್ರೆ ಮುಖದ ಮೇಲೆ ಮೇಣ ಬಳಿದ ಹಾಗೆ ಆಗತ್ತೆ. ಹಾಗಾಗಿ ಹೇಗಿದ್ರೂ ಇನ್ನೊಂದು ಭಾನುವಾರ ಶೂಟ್ ಮಾಡ್ಲೇಬೇಕಿತ್ತು, ಅದೇ ನೆಪದಲ್ಲಿ ಉಳಿದಿದ್ದನ್ನೂ ಕೂತು ಮಾತಾಡೋಕೆ ಜಾಗ ಸಿಕ್ತು. ಪಟ್ಟಿ ಇಲ್ದೇ ಇದ್ದಿದ್ರೆ ಸೆಟ್ ಹಾಗೇ ಅಪ್‌ಲೋಡ್ ಆಗಿರೋದು, ಅದು ಖಂಡಿತ.

ಉಳಿದಿದ್ದು ಅಂದ್ರೆ ಏನು? ನಾನು ಎಲ್ಲಾ ಕ್ಲಿಪ್ಪನ್ನೂ ಹೆಬ್ಬೆರಳಿನ ಸೈಜಿಗೆ ಸಣ್ಣ ಮಾಡಿ ಒಂದೇ ಸ್ಕ್ರೀನಲ್ಲಿ ಜೋಡಿಸಿ ಕ್ಯಾಮೆರಾದವನಿಗೆ ತೋರಿಸ್ದೆ. ಇದು ನನ್ನ ಹಳೇ ಅಭ್ಯಾಸ, ಯಾಕಂದ್ರೆ ಕೊಳ್ಳೋರು ನೋಡೋದೇ ಹಾಗೆ, ಹುಡುಕಾಟದ ಪುಟದಲ್ಲಿ ಚಿಕ್ಕ ಚಿಕ್ಕ ಚೌಕಗಳ ಸಾಲಲ್ಲಿ. ಆ ಸೈಜಲ್ಲಿ ಮುಖದ ಭಾವ ಕಾಣಲ್ಲ, ನಟನೆ ಕಾಣಲ್ಲ. ಯಾರು ನಿಂತಿದಾರೆ, ಯಾರು ಕೂತಿದಾರೆ, ಯಾರ ಕೈ ಬೋರ್ಡಿನ ಕಡೆ ಚಾಚಿದೆ, ಯಾರ ತಲೆ ತಗ್ಗಿದೆ, ಸೀರೆನಾ ಶರ್ಟಾ, ಇಷ್ಟೇ ಕಾಣೋದು. ಬ್ಯಾಕ್‌ಗ್ರೌಂಡ್ ಕ್ಲಿಪ್ಪಲ್ಲಂತೂ ಇದು ಇನ್ನೂ ಜಾಸ್ತಿ, ಕೊಂಡವನು ಅದನ್ನ ಮಸುಕು ಮಾಡಿ ಮೇಲೆ ಅಕ್ಷರ ಹಾಕ್ತಾನೆ, ಆಗ ಮನುಷ್ಯ ಹೋಗಿ ಆಕಾರ ಮಾತ್ರ ಉಳಿಯತ್ತೆ.

"ಏನ್ ಗುರು, ಒಂಬತ್ತು ಜನಾನೂ ಇದಾರಲ್ಲ," ಅಂದ.

ಇದಾರೆ, ಆದ್ರೆ ಏನು ಮಾಡ್ತಿದಾರೆ ನೋಡು ಅಂದೆ. ಬೋರ್ಡ್ ಹತ್ರ ನಿಂತು ವಿವರಿಸೋದು ಪ್ರತಿ ಸಲಾನೂ ಅದೇ ಬೆಳ್ಳಗಿನ ಮೂವತ್ತೈದರ ಗಂಡಸು. ಬರ್ಕೊಳ್ತಾ ಕೂತಿರೋದು ಹೆಂಗಸರು. ಅರವತ್ತರ ಅಕೌಂಟೆಂಟ್ ಸರ್ ಲ್ಯಾಪ್‌ಟಾಪ್ ಮುಂದೆ ಹುಬ್ಬು ಗಂಟು ಹಾಕಿ ಕೂತಿದಾರೆ, ಪಕ್ಕದಲ್ಲಿ ಹುಡುಗ ಬಗ್ಗಿ ಬೆರಳು ತೋರಿಸ್ತಿದಾನೆ. ಆ ಸರ್ರು ಮೂವತ್ತು ವರ್ಷದಿಂದ ಬ್ಯಾಲೆನ್ಸ್ ಶೀಟ್ ನೋಡಿದೋರು, ನಿಜವಾಗ್ಲೂ ಆ ಹುಡುಗನೇ ಅವರ ಹತ್ರ ಕಲೀತಿರೋನು! ಹಿಜಾಬಿನ ಹುಡುಗಿ ಎಲ್ಲಾ ಫ್ರೇಮಲ್ಲೂ ಅಂಚಿಗೆ. ಸ್ವಲ್ಪ ಕಪ್ಪಗಿರೋ ಹುಡುಗನ ಕೈಲಿ ಟೀ ಟ್ರೇ, ಫೈಲಿನ ಕಟ್ಟು. ವೀಲ್‌ಚೇರಿನವ್ರು ಕಿಟಕಿ ಹತ್ರ ಒಬ್ಬರೇ, ಹೊರಗೆ ನೋಡ್ತಾ ಮುಗುಳ್ನಗು.

ಯಾರೂ ಬೇಕಂತ ಮಾಡಿದ್ದಲ್ಲ. ಕ್ಯಾಮೆರಾ ಇಟ್ಟಾಗ ಟೈಮ್ ಇರಲ್ಲ, "ನೀವು ಅಲ್ಲಿ ನಿಂತ್ಕೊಳ್ಳಿ, ನೀವು ಬರ್ಕೊಳ್ತಾ ಇರಿ" ಅಂತ ಬಾಯಿಗೆ ಬಂದಿದ್ದು ಹೇಳ್ತೀವಿ, ಬಾಯಿಗೆ ಬರೋದು ಈಗಾಗ್ಲೇ ಸಾವಿರ ಸಲ ನೋಡಿರೋ ಚಿತ್ರಾನೇ.

ಕ್ಯಾಮೆರಾದವನ ಉತ್ತರ ಸುಲಭವಾಗಿ ತಳ್ಳಿಹಾಕೋ ಥರದ್ದಲ್ಲ. "ಎರಡನೇ ಭಾನುವಾರ ಯಾರಾದ್ರೂ ಮೇಡಂ ಬೋರ್ಡ್ ಹತ್ರ ನಿಲ್ಲೋ ನಾಲ್ಕು ಕ್ಲಿಪ್ಪು ತೆಗೆದುಬಿಡ್ತೀನಿ, ಹಳೇದೂ ಇರ್ಲಿ, ಒಟ್ಟಲ್ಲಿ ಸಮ ಆಗತ್ತಲ್ಲ?" ಅಂದ. ಒಂದು ಸಿನಿಮಾ ಆಗಿದ್ರೆ ಸಮ ಆಗ್ತಿತ್ತು, ನೋಡೋನು ಎರಡೂ ನೋಡ್ತಾನೆ. ಸ್ಟಾಕಲ್ಲಿ ಒಟ್ಟು ಅನ್ನೋದೇ ಇಲ್ಲ. ಕ್ಲಿಪ್ಪು ಒಂಟಿಯಾಗಿ ಮಾರಾಟ ಆಗತ್ತೆ, ಟೀ ಟ್ರೇ ಕ್ಲಿಪ್ ಕೊಂಡವನ ವಿಡಿಯೋದಲ್ಲಿ ಆ ಹುಡುಗ ಜೀವನಪೂರ್ತಿ ಟೀ ಕೊಡೋನೇ, ಪಕ್ಕದ ಕ್ಲಿಪ್ಪಲ್ಲಿ ಅವನೇ ಮ್ಯಾನೇಜರ್ ಆಗಿರೋದು ಆ ನೋಡುಗನಿಗೆ ಗೊತ್ತೇ ಆಗಲ್ಲ. ಹಾಗಾಗಿ ಪ್ರತಿ ಹದಿನೈದು ಸೆಕೆಂಡೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಅದರ ಜೊತೆಗೆ, ಹುಡುಕಾಟದ ಪುಟದಲ್ಲಿ ಸಾಲಾಗಿ ಕೂತಾಗ್ಲೂ ಒಂದೇ ಥರದವ್ರು ಒಂದೇ ಕೆಲಸಕ್ಕೆ ಅಂಟಿಕೊಂಡಿರಬಾರ್ದು. ಎರಡೂ ಪರೀಕ್ಷೆ ಬೇರೆ ಬೇರೆ, ಒಂದರಲ್ಲಿ ಪಾಸ್ ಆಗಿದ್ದು ಇನ್ನೊಂದರಲ್ಲಿ ಫೇಲ್ ಆಗಬಹುದು.

ಕ್ಲಿಪ್ಪು ಒಂಟಿಯಾಗಿ ನಿಲ್ಲತ್ತಾ ಅಂತ ನೋಡೋಕೆ ನಾವು ಮಾಡಿದ್ದು ಒಂದೇ ಕೆಲಸ, ಫ್ರೇಮಲ್ಲಿರೋ ಇಬ್ಬರ ಜಾಗ ಅದಲು ಬದಲು ಮಾಡಿ ಊಹಿಸೋದು. ಬದಲು ಮಾಡಿದಾಗ "ಇದೇನೋ ವಿಚಿತ್ರ" ಅನ್ನಿಸಿದ್ರೆ ಮೊದಲಿನ ಜೋಡಣೆ ಅಭ್ಯಾಸದಿಂದ ಬಂದಿದ್ದು ಅಂತ ಅರ್ಥ. ಸರ್ರು ಬೆರಳು ತೋರಿಸ್ತಿದಾರೆ, ಹುಡುಗ ಹುಬ್ಬು ಗಂಟು ಹಾಕಿದಾನೆ ಅಂತ ಊಹಿಸಿದ್ರೆ ಏನೂ ವಿಚಿತ್ರ ಅನ್ಸಲ್ಲ, ಹಾಗೇ ತೆಗೆದ್ವಿ. ಟೀ ಟ್ರೇ ಕ್ಲಿಪ್ಪನ್ನ ಬದಲು ಮಾಡಿ ಬೆಳ್ಳಗಿನವನ ಕೈಗೆ ಟ್ರೇ ಕೊಟ್ರೆ ಅದೂ ನಾಟಕ ಅನ್ನಿಸ್ತು. ಹಾಗಾಗಿ ಟ್ರೇನೇ ತೆಗೆದ್ವಿ, ಸ್ಟೀಲ್ ಫ್ಲಾಸ್ಕ್ ಮೇಜಿನ ಮೇಲೆ ಇಟ್ವಿ, ಎಲ್ರೂ ತಂತಮ್ಮ ಲೋಟಕ್ಕೆ ತಾವೇ ಬಗ್ಗಿಸ್ಕೊಂಡ್ರು. ಆ ಆಫೀಸಲ್ಲಿ ವಾರದ ದಿನಾನೂ ನಡೆಯೋದು ಹಾಗೇನೇ.

ವೀಲ್‌ಚೇರಿನವ್ರ ವಿಷಯ ಸ್ವಲ್ಪ ವಿವರವಾಗಿ ಹೇಳ್ಬೇಕು, ಇಲ್ಲಿ ಕಲಿಯೋದು ತುಂಬ ಇತ್ತು. ಅವರು ಜಿಎಸ್‌ಟಿ ಕೆಲಸ ಮಾಡೋರು, ಬೇರೆ ಕಡೆ ನೌಕರಿ. ಮೊದಲ ಶೂಟಲ್ಲಿ ಹುಡುಗರು ಎಲ್ಲಿಂದಲೋ ಒಂದು ವೀಲ್‌ಚೇರ್ ತಂದಿಟ್ಟಿದ್ರು, ಅವರ ಸ್ವಂತದ್ದು ಹಳೇದಾಗಿ ಕಾಣ್ತಿತ್ತಂತೆ. ಆ ತಂದಿದ್ದು ಆಸ್ಪತ್ರೆಲಿ ಪೇಷೆಂಟ್ ತಳ್ಳೋ ಥರದ್ದು, ಹಿಂದೆ ಉದ್ದ ಹಿಡಿ, ಅಗಲ ಸೀಟು, ಕೈ ಇಡೋಕೆ ದಪ್ಪ ಪಟ್ಟಿ. ದಿನಾ ವೀಲ್‌ಚೇರಲ್ಲಿ ಓಡಾಡೋರು ಅಂಥದ್ದನ್ನ ಬಳಸೋದು ಕಡಿಮೆ, ಅವರದ್ದು ಅವರ ಮೈಗೆ ಹೊಂದೋ ಹಗುರದ್ದು, ಬೆನ್ನು ಗಿಡ್ಡ, ತಾವೇ ಚಕ್ರ ತಿರುಗಿಸ್ಕೊಳ್ಳೋಕೆ ಅನುಕೂಲ. ಸ್ಟಾಕ್ ಚಿತ್ರದಲ್ಲಿ ಕೂತಿರೋರು ನಿಜವಾಗ್ಲೂ ವೀಲ್‌ಚೇರ್ ಬಳಸೋರಾ ಅಥವಾ ಮಾಡೆಲ್ಲನ್ನ ಕೂರಿಸಿದಾರಾ ಅಂತ ಗೊತ್ತಿದ್ದೋರು ಈ ಕುರ್ಚಿ ನೋಡೇ ಹೇಳಿಬಿಡ್ತಾರೆ. 2018ರಲ್ಲಿ ಗೆಟ್ಟಿ ಇಮೇಜಸ್ ಅಂಗವಿಕಲರ ಚಿತ್ರಗಳಿಗೆ ಅಂತಲೇ ಬೇರೆ ಸಂಗ್ರಹ ಶುರು ಮಾಡ್ತು, ಅಲ್ಲಿಯವರೆಗೆ ತುಂಬಿದ್ದಿದ್ದೆಲ್ಲ ಇಂಥ ಒಂಟಿ, ಮಂಕು, ಕಿಟಕಿ ಪಕ್ಕದ ಚಿತ್ರಗಳೇ ಜಾಸ್ತಿ ಅನ್ನೋದು ಈ ಫೀಲ್ಡಲ್ಲಿ ಎಲ್ರಿಗೂ ಗೊತ್ತಿದ್ದ ಮಾತು.

ಎರಡನೇ ಭಾನುವಾರ ಅವರದ್ದೇ ಕುರ್ಚಿ. ನಾನು ಟ್ರೈಪಾಡ್ ತಗ್ಗಿಸು ಅಂದೆ. ಹಿಂದಿನ ಸಲ ನಿಂತ ಮನುಷ್ಯನ ಕಣ್ಣೆತ್ತರಕ್ಕೆ, ಐದಡಿ ಮೇಲಿತ್ತು, ಅಲ್ಲಿಂದ ನೋಡಿದ್ರೆ ಅವರ ನೆತ್ತಿ, ಭುಜ, ಮೇಲೆತ್ತಿದ ಮುಖ ಕಾಣತ್ತೆ, ಯಾರ ಹತ್ರಾನೋ ಏನೋ ಕೇಳ್ಕೊಳ್ತಿರೋ ಹಾಗೆ. ನಾಲ್ಕಡಿಗೆ ಇಳಿಸಿದ ಮೇಲೆ ಕ್ಯಾಮೆರಾ ಅವರ ಕಣ್ಣಿಗೆ ನೇರ ಬಂತು, ಎದುರು ಕೂತಿದ್ದೋರ ಕಣ್ಣಿಗೂ ನೇರ. ಮಾಡಿಸಿದ್ದು ಇಷ್ಟೇ: ಮೇಜಿನ ಮೇಲೆ ಎರಡು ಇನ್‌ವಾಯ್ಸು, ಒಂದರಲ್ಲಿ ಪೆನ್ಸಿಲಿಂದ ಗುರುತು ಹಾಕಿ ಎದುರಿನವರ ಕಡೆ ತಿರುಗಿಸಿ ತಳ್ತಾರೆ, ಅವರು ಓದಿ ತಲೆ ಆಡಿಸ್ತಾರೆ, ಇವರು ಆಗ್ಲೇ ಮುಂದಿನ ಹಾಳೆ ಎತ್ಕೊಂಡಿರ್ತಾರೆ. ಚಕ್ರದ ಮೇಲಂಚು ಫ್ರೇಮಿನ ಕೆಳಗೆ ಒಂಚೂರು ಕಾಣತ್ತೆ. ಮುಚ್ಚೋಕೂ ಹೋಗಿಲ್ಲ, ಅದರ ಮೇಲೆ ಫೋಕಸ್ಸೂ ಇಲ್ಲ. "ನನ್ನ ಯಾರೂ ತಳ್ಳೋ ಶಾಟ್ ಬೇಡಪ್ಪ," ಅಂತ ಅವರು ಮೊದಲೇ ಹೇಳಿದ್ರು, ನಮಗೂ ಬೇಕಿರಲಿಲ್ಲ. ಬಾಗಿಲಿಂದ ಒಳಗೆ ಬರೋ ಶಾಟ್ ಮಾತ್ರ ನಾನು ಬೇಡ ಅಂದೆ, ಆ ಆಫೀಸಿನ ಬಾಗಿಲಿಗೆ ಹೊಸ್ತಿಲು ಇದೆ, ಒಳಗೆ ಬರೋಕೆ ಅವತ್ತು ಇಬ್ಬರು ಹಿಡೀಬೇಕಾಯ್ತು, ಸಲೀಸಾಗಿ ಬಂದ ಹಾಗೆ ತೋರಿಸೋದು ಸುಳ್ಳು.

ಇನ್ನು ಬಣ್ಣ. ಒಂದೇ ಮೇಜಿನ ಸುತ್ತ ಮೂರು ನಾಲ್ಕು ಮೈಬಣ್ಣ ಇದ್ದಾಗ ಕ್ಯಾಮೆರಾದೋರು ಮಾಡೋ ಮಾಮೂಲಿ ಕೆಲಸ, ಬೆಳ್ಳಗಿನ ಮುಖಕ್ಕೆ ಎಕ್ಸ್‌ಪೋಶರ್ ಹೊಂದಿಸೋದು. ಆಗ ಕಪ್ಪಗಿರೋರ ಮುಖ ನೆರಳಲ್ಲಿ ಮುಳುಗತ್ತೆ, ಆಮೇಲೆ ಎಡಿಟಲ್ಲಿ ಎತ್ತಿದ್ರೆ ಬೂದಿ ಬಳಿದ ಹಾಗೆ ಕಾಣತ್ತೆ, ಜೊತೆಗೆ ಕಾಳು ಕಾಳು ನಾಯ್ಸು. ಮೇಕಪ್ಪಿಗೆ ಬಂದಿದ್ದ ಅಕ್ಕ ಅಂತೂ ಕೇಳದೇನೇ ಎರಡು ಶೇಡ್ ಬೆಳ್ಳಗಿನ ಪೌಡರ್ ಹಾಕೋಕೆ ಕೈ ಎತ್ತಿದ್ರು, ಅದನ್ನ ನಿಲ್ಲಿಸ್ಬೇಕಾಯ್ತು, ಬೆವರು ಒರೆಸಿ ಸಾಕು ಅಂದ್ವಿ. ನಾವು ಮಾಡಿದ್ದು ಕೂರೋ ಜಾಗದ ಬದಲಾವಣೆ. ಕಿಟಕಿ ಬೆಳಕು ಬರೋ ಕಡೆ ಕಪ್ಪಗಿರೋ ಹುಡುಗ, ದೂರಕ್ಕೆ ಬೆಳ್ಳಗಿನವರು, ಎದುರು ಬದಿಯಿಂದ ಒಂದು ಬಿಳಿ ಥರ್ಮೋಕೋಲ್ ಶೀಟು, ಎಲ್ರ ಮುಖಕ್ಕೂ ಸ್ವಲ್ಪ ಬೆಳಕು ವಾಪಸ್ ಬರೋ ಹಾಗೆ. ಕಪ್ಪು ಚರ್ಮದ ಮೇಲೆ ಕೆನ್ನೆ, ಹಣೆಯ ಹೊಳಪು ಬರತ್ತಲ್ಲ, ಮುಖದ ಆಕಾರ ಕಾಣೋದೇ ಅದರಿಂದ, ಅದನ್ನ ಪೌಡರಲ್ಲಿ ಕೊಲ್ಲಬಾರ್ದು. ಕಲರ್ ಮಾಡುವಾಗ ಬಣ್ಣ ಅಳೆದು ತೋರಿಸೋ ವೆಕ್ಟರ್‌ಸ್ಕೋಪಲ್ಲಿ ನೋಡಿದ್ರೆ ಎಲ್ಲರ ಚರ್ಮಾನೂ ಸುಮಾರು ಒಂದೇ ಗೆರೆ ಹತ್ರ ಬೀಳತ್ತೆ, ಆ ಗೆರೆ ಹತ್ರ ಇದ್ರೆ ಬಣ್ಣ ಸರಿ ಇದೆ ಅಂತ. ಬೆಳಕಿನ ಮಟ್ಟ ಮಾತ್ರ ಒಬ್ಬೊಬ್ಬರದ್ದು ಒಂದೊಂದು, ಅದನ್ನ ಸಮ ಮಾಡೋಕೆ ಹೋಗಬಾರ್ದು. ಕ್ಯಾಮೆರಾದವನು ಮೊದಲ ಸೆಟ್ಟಲ್ಲಿ ಸಮ ಮಾಡಿ ಕಳಿಸಿದ್ದ, "ನೀಟಾಗಿ ಕಾಣ್ಲಿ ಅಂತ" ಅಂದ. ಆ ಹುಡುಗನೇ ನೋಡಿ "ಇದು ನಾನಲ್ಲ ಬಿಡಿ" ಅಂದುಬಿಟ್ಟ.

ಆಫೀಸ್ ಸಾಮಾನಿನ ವಿಷಯದಲ್ಲಿ ಒಂದು ಎಳೆದಾಟ ಇದ್ದೇ ಇದೆ. ಕಮರ್ಷಿಯಲ್ ಲೈಸೆನ್ಸಿಗೆ ಹೋಗ್ಬೇಕು ಅಂದ್ರೆ ಲೋಗೋ ಇರಬಾರ್ದು, ಬೇರೆಯವ್ರ ಚಿತ್ರ, ಪೋಸ್ಟರ್ ಇರಬಾರ್ದು, ಸ್ಕ್ರೀನಲ್ಲಿ ಗುರುತಿಸೋ ಥರದ ಸಾಫ್ಟ್‌ವೇರ್ ಇರಬಾರ್ದು. ಹಾಗಾಗಿ ಬ್ಯಾಂಕ್ ಕ್ಯಾಲೆಂಡರ್ ಹೋಯ್ತು, ಐಡಿ ಕಾರ್ಡ್ ದಾರ ತಿರುಗಿಸಿ ಹಾಕಿದ್ವಿ, ಲ್ಯಾಪ್‌ಟಾಪ್ ಬೆನ್ನು ಕಾಣದ ಹಾಗೆ ತಿರುಗಿಸಿದ್ವಿ (ಕಪ್ಪು ಟೇಪ್ ಅಂಟಿಸಿದ್ರೆ ಕಣ್ಣು ಅಲ್ಲೇ ಹೋಗತ್ತೆ), ಸ್ಕ್ರೀನಿಗೆ ನಾನೇ ಮಾಡಿದ ಸುಳ್ಳು ಅಂಕಿಗಳ ಹಾಳೆ ಹಾಕಿದ್ವಿ. ದೇವರ ಫೋಟೋನೂ ತೆಗೀಬೇಕಾಯ್ತು, ಅದು ಯಾರೋ ಕಲಾವಿದರು ಬರೆದ ಪ್ರಿಂಟು, ಹಕ್ಕು ನಮ್ಮದಲ್ಲ. ಓನರ್ರಿಗೆ ಇಷ್ಟ ಇರಲಿಲ್ಲ, ಸರಿ, ಅವರೇ ಕೈಯಾರೆ ತೆಗೆದು ಕ್ಯಾಬಿನ್ನಲ್ಲಿಟ್ರು. ಇಷ್ಟೆಲ್ಲ ತೆಗೆದ ಮೇಲೆ ಗೋಡೆ ಬೋಳು, ಮೇಜು ಬೋಳು, ಇದು ಬಸವನಗುಡೀನಾ ಬರ್ಲಿನ್ನಾ ಗೊತ್ತಾಗಲ್ಲ. ಜನರಲ್ ಅಂದ್ರೆ ಅದೇ ಬೇಕು ಅಂತ ಕೆಲವರು ಅಂತಾರೆ, ನಾನು ಒಪ್ಪಲ್ಲ. ಇನ್ನೊಂದು ತುದಿಗೆ ಹೋಗಿ ಭಾರತ ಅಂತ ತೋರಿಸೋಕೆ ಹೂವಿನ ಹಾರ, ರಂಗೋಲಿ, ಎಲ್ರಿಗೂ ಕುರ್ತಾ ಹಾಕ್ಸೋದೂ ತಪ್ಪೇ. ಮೊದಲೇ ಅಲ್ಲಿದ್ದಿದ್ದನ್ನ ಉಳಿಸಿದ್ವಿ: ಫ್ಲಾಸ್ಕು, ಊಟದ ಡಬ್ಬಿ ಚೀಲ, ದಾರ ಕಟ್ಟಿದ ಫೈಲುಗಳ ಬೀರು, ಕುರ್ಚಿಗೆ ನೇತುಹಾಕಿದ ಹೆಲ್ಮೆಟ್ಟು, ಬಾಗಿಲ ಹತ್ರ ಹಾಜರಾತಿ ಹಾಕೋ ಬೆರಳಿನ ಮಶೀನು. ಇದರಲ್ಲಿ ಯಾವುದೂ "ನೋಡಿ ಇದು ಇಂಡಿಯಾ" ಅಂತ ಕೂಗಲ್ಲ.

ಕಸ ಗುಡಿಸೋ ಅಕ್ಕನ ಬಗ್ಗೆ ನಮ್ಮಲ್ಲೇ ಜಗಳ ಆಯ್ತು. ಅವರು ಆಫೀಸಿನ ಖಾಯಂ ಕೆಲಸದೋರು, ಭಾನುವಾರಾನೂ ಬೀಗ ತೆಗೆಯೋಕೆ ಬಂದಿದ್ರು. ಬಿಟ್ರೆ ಆ ಆಫೀಸಲ್ಲಿ ಅಂಥ ಕೆಲಸಾನೇ ನಡೆಯಲ್ಲ ಅನ್ನೋ ಹಾಗಾಗತ್ತೆ, ಪೊರಕೆ ಕೊಟ್ಟು ಹಿಂದೆ ಓಡಾಡಿಸಿದ್ರೆ ಮತ್ತದೇ ಚಿತ್ರ. ಕೇಳಿದ್ವಿ. ಅವರು ಕೇಳಿದ ಮೊದಲ ಪ್ರಶ್ನೆ "ಎಲ್ರಿಗೂ ಎಷ್ಟು ಕೊಡ್ತೀರ, ನಂಗೂ ಅಷ್ಟೇನಾ?" ಹೌದು ಅಂದ ಮೇಲೆ ಒಪ್ಪಿದ್ರು, ಆದ್ರೆ ಪೊರಕೆ ಹಿಡಿಯಲ್ಲ ಅಂದ್ರು, ಬೀಗದ ಕೈ ಗೊಂಚಲು ಹಿಡ್ಕೊಂಡು ಬೆಳಿಗ್ಗೆ ಆಫೀಸ್ ತೆಗೆಯೋದನ್ನ ತೆಗೀರಿ ಅಂದ್ರು, ದಿನಾ ಮೊದಲು ಬರೋದು ನಾನೇ ಅಂತ. ಲೈಟಿನ ಸ್ವಿಚ್ಚುಗಳು ಒಂದೊಂದಾಗಿ ಹಾಕ್ತಾ ಒಳಗೆ ನಡೀತಾರೆ, ಕಿಟಕಿ ಪರದೆ ಎಳೀತಾರೆ. ಬಲಗಡೆ ಅರ್ಧ ಫ್ರೇಮ್ ಖಾಲಿ, ಅಕ್ಷರ ಹಾಕೋಕೆ ಜಾಗ. ನನ್ನ ಕಣ್ಣಿಗೆ ಸೆಟ್ಟಲ್ಲಿ ಅತಿ ಒಳ್ಳೇ ಬ್ಯಾಕ್‌ಗ್ರೌಂಡ್ ಅದೇ.

ತಮ್ಮ ಚಿತ್ರ ಬಳಸೋಕೆ ಒಪ್ಪಿಗೆ ಕೊಡೋ ರಿಲೀಸ್ ಫಾರಂ ನಮ್ಮತ್ರ ಇದ್ದಿದ್ದು ಇಂಗ್ಲಿಷಲ್ಲಿ. ಅದನ್ನ ಕನ್ನಡದಲ್ಲಿ ಓದಿ ಹೇಳಿ, ಸಾಕ್ಷಿ ಮುಂದೆ ಸಹಿ ಹಾಕಿಸಿದ್ವಿ. ಮುಖ್ಯವಾಗಿ ಹೇಳ್ಬೇಕಾಗಿದ್ದು, ಈ ಕ್ಲಿಪ್ಪು ಎಲ್ಲಿ ಬೇಕಾದ್ರೂ ಬರಬಹುದು, ಕೆಲಸದಿಂದ ತೆಗೆದ ಸುದ್ದಿಗೂ ಹಿಂದೆ ಓಡಬಹುದು ಅಂತ. ಮಾನಸಿಕ ಕಾಯಿಲೆ, ಅಪರಾಧ ಇಂಥದ್ದಕ್ಕೆ ಮಾಡೆಲ್ಲನ್ನ ಜೋಡಿಸೋದನ್ನ ದೊಡ್ಡ ಏಜೆನ್ಸಿಗಳ ಲೈಸೆನ್ಸು ತಡೆಯತ್ತೆ, ಇಲ್ಲಾ ಇದು ಮಾಡೆಲ್ ನಟಿಸಿದ್ದು ಅಂತ ಬರೀಬೇಕು ಅನ್ನತ್ತೆ, ಆದ್ರೆ ಎಲ್ಲಾ ಕಡೆ ಹೋಗಿ ಕಾಯೋರು ಯಾರೂ ಇಲ್ಲ. ಇದನ್ನ ಕೇಳಿದ ಮೇಲೆ ಹೊರಗಿಂದ ಬಂದಿದ್ದ ಒಬ್ಬರು ಹಿಂದೆ ಸರಿದ್ರು. ಸರಿಯಾದ್ದೇ.

ಕೊನೇ ಕೆಲಸ ಕೀವರ್ಡು, ಇಷ್ಟೆಲ್ಲ ಮಾಡಿದ್ದು ಮತ್ತೆ ನೀರುಪಾಲಾಗೋದು ಇಲ್ಲೇ. ಅಡೋಬಿ ಸ್ಟಾಕಲ್ಲಿ ಒಂದು ಕ್ಲಿಪ್ಪಿಗೆ 49ರ ತನಕ ಹಾಕಬಹುದು, ಮೊದಲ ಹತ್ತಕ್ಕೆ ತೂಕ ಜಾಸ್ತಿ. ಟೀಮಿನ ಹುಡುಗ ಮೊದಲು ಮಾಡಿದ ಪಟ್ಟಿಲಿ ಬೆಳ್ಳಗಿನ ಗಂಡಸಿರೋ ಕ್ಲಿಪ್ಪಿಗೆ `business`, `manager`, `success`. ವೀಲ್‌ಚೇರು, ಹಿಜಾಬು, ಕಪ್ಪು ಬಣ್ಣ ಇರೋ ಕ್ಲಿಪ್ಪಿಗೆಲ್ಲ ಮೊದಲ ಪದ `diversity`. ಅಂದ್ರೆ ಮ್ಯಾನೇಜರ್ ಅಂತ ಹುಡುಕೋನಿಗೆ ಇವರು ಯಾರೂ ಸಿಗಲ್ಲ, ವೈವಿಧ್ಯ ಬೇಕು ಅಂತ ಹುಡುಕಿದಾಗ ಮಾತ್ರ ಸಿಗ್ತಾರೆ, ವರ್ಷಕ್ಕೊಂದು ಸಲ ಕಂಪನಿ ಎಚ್ಆರ್ ವಿಡಿಯೋಗೆ. ಇನ್‌ವಾಯ್ಸ್ ಕ್ಲಿಪ್ಪಿಗೆ ನಾವು ಕೊನೆಗೆ ಹಾಕಿದ ಸಾಲಿನ ಶುರು ಹೀಗೆ:

```
accountant, invoice, checking, tax, office, desk,
colleagues, paperwork, finance, copy space,
woman, wheelchair, disability, India
```

ಕೆಲಸ ಮೊದಲು, ವ್ಯಕ್ತಿ ಆಮೇಲೆ. `wheelchair` ಬಿಟ್ಟುಬಿಡಿ ಅಂತ ಹುಡುಗ ಅಂದ, ಬಿಡೋದು ಬೇಡ ಅಂದೆ, ಅದನ್ನೇ ಹುಡುಕೋರಿಗೂ ಈ ಕ್ಲಿಪ್ಪು ಸಿಗ್ಬೇಕು, ಇಲ್ಲಾಂದ್ರೆ ಅವರಿಗೆ ಸಿಗೋದು ಮತ್ತದೇ ಕಿಟಕಿ ಪಕ್ಕದ್ದು. ಜನಾಂಗ, ಧರ್ಮದ ಪದಗಳನ್ನ ಮಾತ್ರ ಮುಖ ನೋಡಿ ಊಹಿಸಿ ಹಾಕಲಿಲ್ಲ, ಫಾರಮ್ಮಲ್ಲಿ ಅವರೇ ಬರೆದಿದ್ರೆ ಹಾಕಿದ್ವಿ. ಹಿಜಾಬಿನ ಹುಡುಗಿ ಆ ಕಾಲಂ ಖಾಲಿ ಬಿಟ್ಟಿದ್ಲು, ಅವಳ ಬೋರ್ಡ್ ಕ್ಲಿಪ್ಪಿಗೆ `presentation`, `explaining`, `team leader` ಸಾಕಾಯ್ತು. ಬಟ್ಟೆ ಕಣ್ಣಿಗೆ ಕಾಣೋ ವಸ್ತು, ಹಾಗಾಗಿ `headscarf` ಅಂತ ಕೊನೇಲಿ ಒಂದು ಪದ, ಅದನ್ನೂ ಅವಳನ್ನ ಕೇಳಿ.

ಎರಡೂ ಭಾನುವಾರದ್ದು ಸೇರಿ ತೆಗೆದಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಅಪ್‌ಲೋಡ್ ಮಾಡಿದ್ವಿ. ಒಂದು ಕ್ಲಿಪ್ ಮೇಲೆ ಇನ್ನೂ ಒಮ್ಮತ ಇಲ್ಲ: ಒಂಬತ್ತು ಜನಾನೂ ಸಾಲಾಗಿ ನಿಂತು ಕ್ಯಾಮೆರಾ ನೋಡಿ ನಗೋದು, ಒಬ್ಬೊಬ್ಬರು ಒಂದೊಂದು ಥರ, ಬಣ್ಣದ ಪೆನ್ಸಿಲ್ ಡಬ್ಬಿ ಇದ್ದಂಗೆ. ಆ ಥರದ್ದೇ ಜಾಸ್ತಿ ಮಾರಾಟ ಆಗೋದು ಅಂತ ಕ್ಯಾಮೆರಾದವನ ವಾದ, ಅದು ಸುಳ್ಳೂ ಅಲ್ಲ. ಯಾವ ಆಫೀಸಲ್ಲೂ ಜನ ಹಾಗೆ ನಿಲ್ಲಲ್ಲ, ಅದು ಹಾಜರಾತಿ ಪಟ್ಟಿ ಅಂತ ನನ್ನ ವಾದ. ಸದ್ಯಕ್ಕೆ ಅದು ಹಾರ್ಡ್‌ಡಿಸ್ಕಲ್ಲೇ ಇದೆ, ಆಡಿಟ್ ಆಫೀಸಿನ ಓನರ್ ಮಾತ್ರ ತಮ್ಮ ವೆಬ್‌ಸೈಟಿಗೆ ಅದೇ ಬೇಕು ಅಂತ ಕೇಳ್ತಿದಾರೆ, ಅವರ ಸ್ವಂತ ಸ್ಟಾಫ್ ನಾಲ್ಕು ಜನರದ್ದು ಬೇರೆ ತೆಗೆದುಕೊಡ್ತೀವಿ ಅಂತ ಹೇಳಿದೀವಿ.